ಗ್ಲೈಸಿನೇಟ್ 1000 ಮಿ.ಗ್ರಾಂ ಎಂದು ಬರೆದ ಡಬ್ಬಿಯಲ್ಲಿ ಮೆಗ್ನೀಷಿಯಂ ನಿಜವಾಗಿ ಎಷ್ಟಿದೆ?

ವಸುಧಾ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಈಗ 68 ವರ್ಷ. ರಾತ್ರಿ ಮೀನಖಂಡ ಸೆಳೆದುಕೊಂಡು ಎಚ್ಚರವಾಗುತ್ತದೆ ಎಂದು ವೈದ್ಯರಿಗೆ ತೋರಿಸಿದೆವು. ಅವರು ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ತೊಂದರೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ದಿನಕ್ಕೆ 200 ಮಿ.ಗ್ರಾಂ ಮೆಗ್ನೀಷಿಯಂ ಕೆಲವು ವಾರ ಕೊಟ್ಟು ನೋಡಬಹುದು ಎಂದರು. ಯಾವುದನ್ನು ಕೊಡಬೇಕೆಂದು ಚೀಟಿಯಲ್ಲಿ ಬರೆದಿರಲಿಲ್ಲ.

ಈಗ ಮನೆಯಲ್ಲಿ ಮೂರು ಬಗೆಯ ಮೆಗ್ನೀಷಿಯಂ ಇದೆ. ಮೊದಲನೆಯದು ಇಲ್ಲಿಯ ಅಂಗಡಿಯಿಂದ ತಂದ ಕ್ಯಾಪ್ಸೂಲಿನ ಡಬ್ಬಿ. ಅದರ ಮುಂಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ "ಮೆಗ್ನೀಷಿಯಂ ಗ್ಲೈಸಿನೇಟ್ 1000 ಮಿ.ಗ್ರಾಂ" ಎಂದಿದೆ, ಹಿಂಭಾಗದಲ್ಲಿ, ಎರಡು ಕ್ಯಾಪ್ಸೂಲಿಗೆ ಗ್ಲೈಸಿನೇಟ್ 1000, ಅದರಿಂದ ದೊರೆಯುವ ಎಲಿಮೆಂಟಲ್ ಮೆಗ್ನೀಷಿಯಂ 200 ಎಂದು ಸಣ್ಣದಾಗಿ ಅಚ್ಚಾಗಿದೆ. ಎರಡನೆಯದು ನ್ಯೂಜೆರ್ಸಿಯಿಂದ ಅಕ್ಕ ತಂದುಕೊಟ್ಟ ಸಿಟ್ರೇಟ್ ಮಾತ್ರೆ, ಅದರಲ್ಲಿ "ಮೆಗ್ನೀಷಿಯಂ (ಮೆಗ್ನೀಷಿಯಂ ಸಿಟ್ರೇಟ್ ರೂಪದಲ್ಲಿ) 200 ಮಿ.ಗ್ರಾಂ, 48%" ಎಂದಿದೆ. ಮೂರನೆಯದು "ಮೆಗ್ನೀಷಿಯಂ ಆಕ್ಸೈಡ್ 400 ಮಿ.ಗ್ರಾಂ" ಎಂದಷ್ಟೇ ಬರೆದಿರುವ ಮಾತ್ರೆಯ ಪಟ್ಟಿ. ಸಂಖ್ಯೆಗಳನ್ನು ನೋಡಿದರೆ ಗ್ಲೈಸಿನೇಟಿನಲ್ಲಿ ಎಲ್ಲಕ್ಕಿಂತ ಹೆಚ್ಚು, ಸಿಟ್ರೇಟಿನಲ್ಲಿ ಎಲ್ಲಕ್ಕಿಂತ ಕಡಿಮೆ ಎಂದು ತೋರುತ್ತದೆ. ಇದು ಸರಿಯೇ? ವೈದ್ಯರು ಹೇಳಿದ 200 ಎನ್ನುವುದು ಇವುಗಳಲ್ಲಿ ಯಾವ 200?

ರೋಹಿತ್, ಬೆಂಗಳೂರು

ಮೇಡಂ, ನಾನು ಹತ್ತು ವರ್ಷದಿಂದ ಜಿಮ್ ನಡೆಸುತ್ತಿದ್ದೇನೆ. ಆಕ್ಸೈಡ್ ಪಟ್ಟಿಯನ್ನು ಈಗಲೇ ಕಸದ ಬುಟ್ಟಿಗೆ ಹಾಕಿ. ಅದರಲ್ಲಿ ದೇಹ ಹೀರಿಕೊಳ್ಳುವುದು ಶೇಕಡಾ 4 ಮಾತ್ರ, ಉಳಿದದ್ದೆಲ್ಲ ಹೊರಗೆ ಹೋಗುತ್ತದೆ. ಸಿಟ್ರೇಟ್ ತೆಗೆದುಕೊಂಡರೆ ಹೊಟ್ಟೆ ಸಡಿಲವಾಗುತ್ತದೆ. ನಿದ್ರೆಗೂ ಸ್ನಾಯುಗಳಿಗೂ ಗ್ಲೈಸಿನೇಟ್ ಒಂದೇ ಸರಿ. ನಿಮ್ಮ ಬಳಿ 1000 ಮಿ.ಗ್ರಾಂ ಇರುವುದೇ ಇದೆಯಲ್ಲ, ಕಣ್ಣು ಮುಚ್ಚಿಕೊಂಡು ಅದನ್ನೇ ಕೊಡಿ.

ಶ್ರೀನಿವಾಸ, ತುಮಕೂರು

ವಸುಧಾ ಅವರೇ, ಪೋಷಕಾಂಶದ ಮಾತ್ರೆಗಳನ್ನು ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ನಾನು ಬಹಳ ಕಾಲ ಕೆಲಸ ಮಾಡಿದವನು. ನಿಮ್ಮ ಮೂರು ಸಂಖ್ಯೆಗಳು ಒಂದೇ ವಸ್ತುವಿನ ತೂಕಗಳಲ್ಲ. ಆದ್ದರಿಂದ ಅವುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಲು ಬರುವುದಿಲ್ಲ.

ಮೆಗ್ನೀಷಿಯಂ ಲೋಹವನ್ನು ಯಾರೂ ಹಾಗೆಯೇ ಮಾತ್ರೆಯೊಳಗೆ ಹಾಕುವುದಿಲ್ಲ. ಅದು ಯಾವಾಗಲೂ ಆಮ್ಲಜನಕ, ಸಿಟ್ರಿಕ್ ಆಮ್ಲ ಅಥವಾ ಗ್ಲೈಸಿನ್‌ನಂಥ ಇನ್ನೊಂದು ವಸ್ತುವಿನೊಡನೆ ಸೇರಿಕೊಂಡಿರುತ್ತದೆ. ನಮ್ಮ ಕಡೆ ಹಸಿ ಅಡಿಕೆಯ ತೂಕವೇ ಬೇರೆ, ಸುಲಿದು ಒಣಗಿಸಿದ ಅಡಿಕೆಯ ತೂಕವೇ ಬೇರೆ. ಯಾವ ತೂಕ ಎಂದು ಕೇಳದೆ ಯಾರೂ ದರ ಮಾತನಾಡುವುದಿಲ್ಲ. ಇಲ್ಲಿಯೂ ಹಾಗೆಯೇ ಕೇಳಬೇಕು. ಆಕ್ಸೈಡಿನಲ್ಲಿ ಮೆಗ್ನೀಷಿಯಂಗೆ ಅಂಟಿಕೊಂಡಿರುವುದು ಒಂದೇ ಆಮ್ಲಜನಕದ ಪರಮಾಣು, ಹಾಗಾಗಿ ಅದರ ತೂಕದ ಸುಮಾರು ಶೇಕಡಾ 60ರಷ್ಟು ಮೆಗ್ನೀಷಿಯಂ. ನೀರಿನಂಶವಿಲ್ಲದ ಸಿಟ್ರೇಟಿನಲ್ಲಿ ಸುಮಾರು ಶೇಕಡಾ 16. ಗ್ಲೈಸಿನೇಟಿನಲ್ಲಿ ಒಂದು ಮೆಗ್ನೀಷಿಯಂಗೆ ಎರಡು ಗ್ಲೈಸಿನ್ ಸೇರಿರುತ್ತವೆ, ಆದ್ದರಿಂದ ಸುಮಾರು ಶೇಕಡಾ 14 ಮಾತ್ರ. ಆ ಪುಡಿಯಲ್ಲಿ ನೀರಿನಂಶವೂ ಸೇರಿದ್ದರೆ ಇನ್ನೂ ಕಡಿಮೆ.

ಈ ಲೆಕ್ಕದಲ್ಲಿ ನಿಮ್ಮ ಆಕ್ಸೈಡ್ ಮಾತ್ರೆಯೊಂದರಲ್ಲಿ ಇರುವ ಮೆಗ್ನೀಷಿಯಂ ಸುಮಾರು 241 ಮಿ.ಗ್ರಾಂ. ಅಮೆರಿಕದ ಸಿಟ್ರೇಟಿನಲ್ಲಿ ಅಚ್ಚಾಗಿರುವ 200 ಮೆಗ್ನೀಷಿಯಂನದೇ ತೂಕ. ಅಷ್ಟು ಕೊಡಬೇಕಾದರೆ ಸಿಟ್ರೇಟ್ ಪುಡಿ 1200 ಮಿ.ಗ್ರಾಂಗಿಂತ ಹೆಚ್ಚು ಬೇಕಾಗಿರುತ್ತದೆ, ಆ ಸಂಖ್ಯೆಯನ್ನು ಅವರು ಮುದ್ರಿಸಿಲ್ಲ ಅಷ್ಟೆ. ವೈದ್ಯರು 200 ಎಂದಾಗ ಅವರ ಮನಸ್ಸಿನಲ್ಲಿ ಇರುವುದೂ ಸಾಮಾನ್ಯವಾಗಿ ಇದೇ ಎಲಿಮೆಂಟಲ್ ಲೆಕ್ಕ. ಆದರೂ ಮುಂದಿನ ಸಲ ಹೋದಾಗ ಒಂದು ಮಾತು ಕೇಳಿ ಖಚಿತಪಡಿಸಿಕೊಳ್ಳಿ.

ನನ್ನ ಕಣ್ಣಿಗೆ ಬಿದ್ದದ್ದು ನಿಮ್ಮ ಗ್ಲೈಸಿನೇಟ್ ಡಬ್ಬಿ. 1000 ಮಿ.ಗ್ರಾಂ ಶುದ್ಧ ಗ್ಲೈಸಿನೇಟಿನಿಂದ ಹೆಚ್ಚೆಂದರೆ 141 ಮಿ.ಗ್ರಾಂ ಮೆಗ್ನೀಷಿಯಂ ಬರಬಹುದು. ಅಲ್ಲಿ 200 ಎಂದು ಬರೆದಿದ್ದಾರೆ. ಉಳಿದ 59 ಎಲ್ಲಿಂದ ಬಂತು?

ಕೃಷ್ಣಮೂರ್ತಿ, ಹುಬ್ಬಳ್ಳಿ

ನಾನು ನಿವೃತ್ತ ಶಿಕ್ಷಕ. ಶ್ರೀನಿವಾಸ ಅವರ ಪ್ರಶ್ನೆಗೆ ಉತ್ತರ ನನ್ನ ಡಬ್ಬಿಯಲ್ಲೇ ಇದೆ ಎಂದು ಭಾವಿಸುತ್ತೇನೆ. ಅದರ ಘಟಕಾಂಶಗಳ ಸಾಲಿನ ಕೊನೆಯಲ್ಲಿ "ಮೆಗ್ನೀಷಿಯಂ ಸ್ಟಿಯರೇಟ್" ಎಂದು ಇದೆ. ಉಳಿದ 59 ಅದರಿಂದಲೇ ಬಂದಿರಬೇಕು. ನನಗೆ ಮಲಬದ್ಧತೆ ಇರುವುದರಿಂದ ಸಿಟ್ರೇಟ್ ತೆಗೆದುಕೊಳ್ಳುತ್ತಿದ್ದೇನೆ, ಚೆನ್ನಾಗಿ ಕೆಲಸ ಮಾಡಿದೆ. ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗಿಬಿಡುತ್ತೇನೆ, ಮರೆಯುವ ಪ್ರಶ್ನೆಯೇ ಇಲ್ಲ. ಆದರೆ ಈಚೆಗೆ ಥೈರಾಯ್ಡಿನ ಟಿಎಸ್‌ಎಚ್ ಏಕೋ ಏರಿದೆ.

ಶ್ರೀನಿವಾಸ, ತುಮಕೂರು

ಮೇಷ್ಟ್ರೇ, ಮೊದಲು ನಿಮ್ಮ ಕೊನೆಯ ಮಾತಿಗೆ ಬರುತ್ತೇನೆ, ಅದೇ ಹೆಚ್ಚು ತುರ್ತಿನದು. ಲಿವೋಥೈರಾಕ್ಸಿನ್ ಮಾತ್ರೆಯೊಡನೆ ಮೆಗ್ನೀಷಿಯಂ ಹೊಟ್ಟೆಯಲ್ಲಿ ಸೇರಿದರೆ ಥೈರಾಯ್ಡ್ ಔಷಧ ಸರಿಯಾಗಿ ಹೀರಿಕೆಯಾಗುವುದಿಲ್ಲ. ಎರಡರ ನಡುವೆ ನಾಲ್ಕು ಗಂಟೆಯ ಅಂತರವಿರಬೇಕು. ಮೆಗ್ನೀಷಿಯಂ ಅನ್ನು ರಾತ್ರಿಗೆ ವರ್ಗಾಯಿಸಿ, ಇದನ್ನು ನಿಮ್ಮ ವೈದ್ಯರಿಗೂ ತಿಳಿಸಿ. ಇಲ್ಲವಾದರೆ ಅವರು ಏರಿದ ಟಿಎಸ್‌ಎಚ್ ನೋಡಿ ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನೇ ಹೆಚ್ಚಿಸಬಹುದು.

ಇನ್ನು ಸ್ಟಿಯರೇಟ್. ಅದು ಪುಡಿ ಯಂತ್ರದ ಅಚ್ಚಿಗೆ ಅಂಟದಿರಲಿ ಎಂದು ಬಳಸುವ ಜಾರುಪುಡಿ. ಒಂದು ಮಾತ್ರೆಯಲ್ಲಿ ಕೆಲವೇ ಮಿಲಿಗ್ರಾಂ ಇರುತ್ತದೆ, ಅದರಲ್ಲಿ ಮೆಗ್ನೀಷಿಯಂ ಶೇಕಡಾ 4ರಷ್ಟು. ಹತ್ತು ಮಿ.ಗ್ರಾಂ ಹಾಕಿದ್ದರೂ ಅರ್ಧ ಮಿಲಿಗ್ರಾಂ ಮೆಗ್ನೀಷಿಯಂ ಬರುವುದಿಲ್ಲ. 59ರ ಲೆಕ್ಕ ಅದರಿಂದ ತುಂಬುವುದಿಲ್ಲ.

ಅದು ತುಂಬುವುದು ಆಕ್ಸೈಡಿನಿಂದ. ಮಾರುಕಟ್ಟೆಯಲ್ಲಿ ಇದನ್ನು "ಬಫರ್ಡ್ ಗ್ಲೈಸಿನೇಟ್" ಎನ್ನುತ್ತಾರೆ, ಕೆಲವೊಮ್ಮೆ "ಗ್ಲೈಸಿನೇಟ್ ಕಾಂಪ್ಲೆಕ್ಸ್" ಎಂದೂ ಬರೆಯುತ್ತಾರೆ. ಗ್ಲೈಸಿನೇಟಿಗೆ ಸ್ವಲ್ಪ ಆಕ್ಸೈಡ್ ಸೇರಿಸಿದರೆ ಒಟ್ಟು ಪುಡಿಯ ಮೆಗ್ನೀಷಿಯಂ ಪ್ರಮಾಣ ಶೇಕಡಾ 18ರಿಂದ 20ಕ್ಕೆ ಏರುತ್ತದೆ, ಕ್ಯಾಪ್ಸೂಲಿನ ಸಂಖ್ಯೆ ಕಡಿಮೆಯಾಗುತ್ತದೆ, ಬೆಲೆಯೂ ಇಳಿಯುತ್ತದೆ. ವಸುಧಾ ಅವರ 1000 ಮಿ.ಗ್ರಾಂ ಪುಡಿಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಸುಮಾರು 872 ಮಿ.ಗ್ರಾಂ ಗ್ಲೈಸಿನೇಟ್, 128 ಮಿ.ಗ್ರಾಂ ಆಕ್ಸೈಡ್ ಇದ್ದರೆ ಲೆಕ್ಕ ಸರಿಹೋಗುತ್ತದೆ. ಗ್ಲೈಸಿನೇಟಿನಿಂದ 123, ಆಕ್ಸೈಡಿನಿಂದ 77, ಒಟ್ಟು 200. ಪುಡಿಯ ತೂಕದಲ್ಲಿ ಎಂಟನೆಯ ಒಂದು ಭಾಗವಷ್ಟೇ ಇರುವ ಆಕ್ಸೈಡ್, ಮೆಗ್ನೀಷಿಯಂ ಲೆಕ್ಕಕ್ಕೆ ಬಂದಾಗ ಮೂರನೆಯ ಒಂದು ಭಾಗವನ್ನೂ ಮೀರುತ್ತದೆ ಎಂಬುದನ್ನು ಗಮನಿಸಿ. ಗ್ಲೈಸಿನೇಟಿನಲ್ಲಿ ನೀರಿನಂಶವಿದ್ದರೆ ಆಕ್ಸೈಡಿನ ಪಾಲು ಇನ್ನೂ ಹೆಚ್ಚಿರಬೇಕು. ಇದು ಹೊರಗಿನಿಂದ ಮಾಡಿದ ಲೆಕ್ಕ, ಕಂಪನಿಯ ಸೂತ್ರ ನನ್ನ ಕೈಯಲ್ಲಿಲ್ಲ. ಆದರೆ ಶುದ್ಧ ಗ್ಲೈಸಿನೇಟ್ ಮಾತ್ರ ಇದ್ದು ಈ ಎರಡು ಸಂಖ್ಯೆಗಳು ಒಟ್ಟಿಗೆ ನಿಜವಾಗಿರುವುದು ಸಾಧ್ಯವಿಲ್ಲ.

ರೋಹಿತ್, ಬೆಂಗಳೂರು

ಅಂದರೆ ಇದು ನೇರ ಮೋಸ. ಗ್ಲೈಸಿನೇಟ್ ಹೆಸರಿನಲ್ಲಿ ದುಡ್ಡು ತೆಗೆದುಕೊಂಡು ಶೇಕಡಾ 4 ಹೀರಿಕೆಯಾಗುವ ಆಕ್ಸೈಡನ್ನು ತುರುಕಿದ್ದಾರೆ. ಆ 77ರಲ್ಲಿ ದೇಹಕ್ಕೆ ಸಿಗುವುದು ಮೂರು ಮಿ.ಗ್ರಾಂ. ನಾನು ಹೇಳಿದ್ದು ಇದನ್ನೇ.

ಅನಿತಾ, ಡಬ್ಲಿನ್

ನಾನು ಇಲ್ಲಿ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್. ಮೋಸ ಎನ್ನುವ ಮೊದಲು ಡಬ್ಬಿಯಲ್ಲಿ ಇನ್ನೇನು ಬರೆದಿದೆ ಎಂದು ನೋಡಬೇಕು. ಅಮೆರಿಕದಲ್ಲಿ "ಸಪ್ಲಿಮೆಂಟ್ ಫ್ಯಾಕ್ಟ್ಸ್" ಚೌಕದೊಳಗೆ ಮೆಗ್ನೀಷಿಯಂ ಎಂಬ ಪೋಷಕಾಂಶದ ತೂಕವನ್ನೇ ಕೊಡಬೇಕೆಂಬುದು ಎಫ್‌ಡಿಎ ನಿಯಮ. ಯಾವ ರೂಪದಿಂದ ಬಂತು ಎಂಬುದನ್ನು ಆವರಣದಲ್ಲಿ ಅಥವಾ ಕೆಳಗಿನ ಘಟಕಾಂಶಗಳ ಸಾಲಿನಲ್ಲಿ ಹೇಳುತ್ತಾರೆ. ಆವರಣದಲ್ಲಿ ಗ್ಲೈಸಿನೇಟ್, ಆಕ್ಸೈಡ್ ಎರಡೂ ಹೆಸರುಗಳಿದ್ದರೆ ಅದು ಮಿಶ್ರಣವೆಂದು ಒಪ್ಪಿಕೊಂಡಂತೆಯೇ. ಆದರೆ ಯಾವುದು ಎಷ್ಟು ಎಂದು ಅಲ್ಲಿಯೂ ಸಾಮಾನ್ಯವಾಗಿ ಹೇಳುವುದಿಲ್ಲ.

ಸಂದೇಹ ಬಂದಾಗ ಶೇಕಡಾವಾರನ್ನು ಹಿಡಿದುಕೊಂಡು ಹಿಂದಕ್ಕೆ ಲೆಕ್ಕ ಹಾಕಬಹುದು. ಆ ಶೇಕಡಾವಾರಿಗೆ ಆಧಾರವಾಗಿರುವ ದಿನದ ಮೌಲ್ಯ ಅಮೆರಿಕದಲ್ಲಿ 420 ಮಿ.ಗ್ರಾಂ. ವಸುಧಾ ಅವರ ಸಿಟ್ರೇಟಿನಲ್ಲಿ 48% ಎಂದಿದೆ; 420ರ ಶೇಕಡಾ 48 ಎಂದರೆ ಸರಿಯಾಗಿ 200ರ ಆಸುಪಾಸು. ಹಾಗಾಗಿ ಅಲ್ಲಿಯ 200 ಮೆಗ್ನೀಷಿಯಂನದೇ, ಸಿಟ್ರೇಟಿನದಲ್ಲ ಎಂಬುದು ಖಚಿತ. ಯುರೋಪಿನಲ್ಲಿ ಈ ಆಧಾರ ಸಂಖ್ಯೆ 375, ಆದ್ದರಿಂದ ಇಲ್ಲಿಯ ಡಬ್ಬಿಯಲ್ಲಿ 200 ಮಿ.ಗ್ರಾಂ ಎದುರಿಗೆ 53% ಎಂದು ಕಾಣುತ್ತದೆ. ಒಂದು ಡಬ್ಬಿಯಲ್ಲಿ ಮುಂದೆ 500 ಎಂದಿದ್ದು ಹಿಂದೆ 19% ಎಂದಿದ್ದರೆ, ಮುಂದಿನ ಸಂಖ್ಯೆ ಮೆಗ್ನೀಷಿಯಂ ಸೇರಿರುವ ಇಡೀ ಲವಣದ ತೂಕವೆಂದು ತಿಳಿಯಬೇಕು.

ಇನ್ನೊಂದು ಮಾತು. ಸಿಟ್ರೇಟಿನ ಆ 200 ಒಂದು ಮಾತ್ರೆಗೋ ಎರಡು ಮಾತ್ರೆಗೋ ಎಂದು ಚೌಕದ ಮೇಲ್ಸಾಲಿನಲ್ಲಿ ನೋಡಿ. ನಮ್ಮ ಅಂಗಡಿಗೆ ಬರುವವರಲ್ಲಿ ಅರ್ಧ ಪ್ರಮಾಣ ತೆಗೆದುಕೊಳ್ಳುತ್ತಿರುವವರೂ, ದುಪ್ಪಟ್ಟು ತೆಗೆದುಕೊಳ್ಳುತ್ತಿರುವವರೂ ಹೆಚ್ಚಾಗಿ ಎಡವಿರುವುದು ಆ ಒಂದು ಸಾಲಿನಲ್ಲಿ.

ವಸುಧಾ, ಮೈಸೂರು

ಈಗಷ್ಟೇ ಕನ್ನಡಕ ಹಾಕಿಕೊಂಡು ನೋಡಿದೆ. ಸಿಟ್ರೇಟಿನ ಮೇಲ್ಸಾಲಿನಲ್ಲಿ "ಎರಡು ಮಾತ್ರೆಗೆ" ಎಂದಿದೆ. ಅಮ್ಮನಿಗೆ ಒಂದನ್ನೇ ಕೊಡುತ್ತಿದ್ದೆವು, ಅಂದರೆ 100. ಗ್ಲೈಸಿನೇಟ್ ಡಬ್ಬಿಯ ಘಟಕಾಂಶಗಳಲ್ಲಿ "ಮೆಗ್ನೀಷಿಯಂ ಗ್ಲೈಸಿನೇಟ್, ಕ್ಯಾಪ್ಸೂಲಿನ ಕವಚ" ಎಂದಷ್ಟೇ ಇದೆ, ಆಕ್ಸೈಡ್ ಎಂಬ ಪದವೇ ಇಲ್ಲ.

ಶ್ರೀನಿವಾಸ, ತುಮಕೂರು

ಹಾಗಿದ್ದರೆ ಪ್ರಶ್ನೆ ಕೇಳಲು ನಿಮಗೆ ಪೂರ್ಣ ಹಕ್ಕಿದೆ. ಕಂಪನಿಗೆ ಬರೆಯಿರಿ.

ರೋಹಿತ್ ಅವರ ಶೇಕಡಾ 4ರ ಬಗ್ಗೆ ಒಂದಿಷ್ಟು ಹೇಳಬೇಕು, ಏಕೆಂದರೆ ಈ ಸಂಖ್ಯೆ ಎಲ್ಲೆಡೆ ಓಡಾಡುತ್ತಿದೆ. 2001ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಿಂದ ಅದು ಬಂದದ್ದು. ಅಲ್ಲಿ ಆಕ್ಸೈಡನ್ನು ಹೋಲಿಸಿದ್ದು ಕ್ಲೋರೈಡ್, ಲ್ಯಾಕ್ಟೇಟ್, ಆಸ್ಪಾರ್ಟೇಟ್‌ಗಳ ಜೊತೆ; ಗ್ಲೈಸಿನೇಟ್ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಹೀರಿಕೆಯನ್ನು ಅಳೆದದ್ದು ಮೂತ್ರದಲ್ಲಿ ಹೊರಬಂದ ಮೆಗ್ನೀಷಿಯಂನಿಂದ. ಆಕ್ಸೈಡ್ ಹಿಂದೆ ಬೀಳುತ್ತದೆ ಎಂಬುದನ್ನು ಬೇರೆ ಅಧ್ಯಯನಗಳೂ ಹೇಳುತ್ತವೆ, ಸಿಟ್ರೇಟ್ ಅದಕ್ಕಿಂತ ಚೆನ್ನಾಗಿ ಹೀರಿಕೆಯಾಗುತ್ತದೆ ಎಂಬುದಕ್ಕೆ 1990ರಷ್ಟು ಹಿಂದಿನ ಅಧ್ಯಯನವೇ ಇದೆ. ಆ ದಿಕ್ಕನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 4 ಎಂಬ ಅಂಕಿಯನ್ನು ಎಲ್ಲರ ಹೊಟ್ಟೆಗೂ ಎಲ್ಲ ಪ್ರಮಾಣಕ್ಕೂ ಅನ್ವಯಿಸಿ 77ರಲ್ಲಿ ಮೂರು ಎಂದು ಗುಣಿಸುವುದು ಸರಿಯಲ್ಲ. ಪ್ರಮಾಣ ಚಿಕ್ಕದಾದಷ್ಟೂ ಹೀರಿಕೆಯಾಗುವ ಪಾಲು ಹೆಚ್ಚುತ್ತದೆ. ಆಕ್ಸೈಡ್ ನೀರಿನಲ್ಲಿ ಕರಗುವುದಿಲ್ಲವಾದರೂ ಆಮ್ಲದಲ್ಲಿ ಕರಗುತ್ತದೆ, ಆದ್ದರಿಂದ ಹೊಟ್ಟೆಯ ಆಮ್ಲವೂ ಲೆಕ್ಕಕ್ಕೆ ಬರುತ್ತದೆ. ಅಸಿಡಿಟಿಗೆಂದು ವರ್ಷಗಟ್ಟಲೆ ಪ್ಯಾಂಟೊಪ್ರಝೋಲ್ ನುಂಗುವವರಲ್ಲಿ ಆಕ್ಸೈಡ್ ಕರಗುವುದೂ ಕಷ್ಟ, ಆ ಔಷಧದಿಂದಲೇ ರಕ್ತದ ಮೆಗ್ನೀಷಿಯಂ ಇಳಿಯುವ ಸಂಭವವೂ ಇದೆ.

ಗ್ಲೈಸಿನೇಟಿನ ಕಡೆಯ ಪುರಾವೆ ಅದರ ಬೆಲೆಯಷ್ಟು ಎತ್ತರದಲ್ಲಿಲ್ಲ. ಸಣ್ಣ ಕರುಳಿನ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದವರ ಮೇಲೆ 1994ರಲ್ಲಿ ನಡೆದ ಒಂದು ಚಿಕ್ಕ ಅಧ್ಯಯನದಲ್ಲಿ, ಒಟ್ಟಾರೆ ನೋಡಿದಾಗ ಗ್ಲೈಸಿನೇಟ್ ಮತ್ತು ಆಕ್ಸೈಡಿನ ಹೀರಿಕೆ ಹತ್ತಿರ ಹತ್ತಿರವೇ ಇತ್ತು. ಆಕ್ಸೈಡನ್ನು ತೀರ ಕಡಿಮೆ ಹೀರಿಕೊಳ್ಳುತ್ತಿದ್ದ ಕೆಲವರಲ್ಲಿ ಮಾತ್ರ ಗ್ಲೈಸಿನೇಟ್ ಸ್ಪಷ್ಟವಾಗಿ ಮೇಲಾಗಿತ್ತು. ಹೊಟ್ಟೆ ಕೆಡಿಸುವುದು ಕಡಿಮೆ ಎಂಬ ಅನುಭವ ಬಹಳ ಜನರದ್ದು, ಅದನ್ನು ನಾನು ಒಪ್ಪುತ್ತೇನೆ.

ರೋಹಿತ್, ಬೆಂಗಳೂರು

ಅಧ್ಯಯನಗಳು ಹೇಗಾದರೂ ಇರಲಿ ಸರ್, ನನ್ನ ಬಳಿ ಬರುವ ಹುಡುಗರಿಗೆ ಆಕ್ಸೈಡ್ ಕೊಟ್ಟಾಗ ಪ್ರಯೋಜನವಾಗಿಲ್ಲ, ಗ್ಲೈಸಿನೇಟ್ ಕೊಟ್ಟಾಗ ಆಗಿದೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ಲಕ್ಷ್ಮೀಶ, ಶಿರಸಿ

ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮನೆಯಲ್ಲೇ ಪರೀಕ್ಷಿಸಲು ಸುಲಭದ ಉಪಾಯವಿದೆ. ಒಂದು ಕ್ಯಾಪ್ಸೂಲನ್ನು ಬಿಚ್ಚಿ, ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕದಡಿ. ಗ್ಲೈಸಿನೇಟ್ ಕರಗುತ್ತದೆ, ಆಕ್ಸೈಡ್ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತದೆ. ಆ ಗಸಿಗೆ ನಿಂಬೆರಸ ಹಿಂಡಿ ಬಿಟ್ಟರೆ ನಿಧಾನವಾಗಿ ಕರಗುತ್ತದೆ. ಗುಳ್ಳೆ ಎದ್ದರೆ ಅದು ಕಾರ್ಬೊನೇಟ್, ಏಳದೆ ಕರಗಿದರೆ ಆಕ್ಸೈಡ್.

ಶ್ರೀನಿವಾಸ, ತುಮಕೂರು

ಒಳ್ಳೆಯ ಸೂಚನೆ, ಆದರೆ ತೀರ್ಪು ಕೊಡಲು ಸಾಲದು. ಮಾತ್ರೆಗಳಲ್ಲಿ ಸೆಲ್ಯುಲೋಸ್, ಸಿಲಿಕಾ, ಸ್ಟಿಯರೇಟ್ ಮುಂತಾದ ಕರಗದ ಪುಡಿಗಳೂ ಇರುತ್ತವೆ, ಅವೂ ತಳದಲ್ಲಿ ಕೂರುತ್ತವೆ. ನಿಂಬೆರಸಕ್ಕೆ ಅವು ಜಗ್ಗುವುದಿಲ್ಲ ಎಂಬುದೊಂದೇ ವ್ಯತ್ಯಾಸ. ವಸುಧಾ ಅವರ ಡಬ್ಬಿಯಲ್ಲಿ ಅಂಥ ಪುಡಿಗಳ ಹೆಸರಿಲ್ಲದ ಕಾರಣ ಅಲ್ಲಿ ಈ ಪರೀಕ್ಷೆಗೆ ಸ್ವಲ್ಪ ಬೆಲೆಯಿದೆ.

ಪ್ರಯೋಗಾಲಯದ ವರದಿಯನ್ನೂ ಹುಷಾರಾಗಿ ಓದಬೇಕು. ನಾವು ಮೆಗ್ನೀಷಿಯಂ ಅಳೆಯುತ್ತಿದ್ದದ್ದು ಇಡಿಟಿಎ ಟೈಟ್ರೇಷನ್‌ನಿಂದ. ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಬಫರ್ ದ್ರಾವಣ ಸೇರಿಸಿ, ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಸೂಚಕ ಬಣ್ಣ ಹಾಕಿದರೆ ದ್ರಾವಣ ದ್ರಾಕ್ಷಾರಸದ ಕೆಂಪಾಗುತ್ತದೆ. ಬ್ಯುರೆಟ್‌ನಿಂದ, ಮೆಗ್ನೀಷಿಯಂ ಅನ್ನು ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಾ ಹೋದರೆ ಒಂದು ಹಂತದಲ್ಲಿ ಕೆಂಪಿನ ಛಾಯೆಯೇ ಇಲ್ಲದ ನೀಲಿಗೆ ತಿರುಗುತ್ತದೆ, ಅಲ್ಲಿ ನಿಲ್ಲಿಸಿ ಲೆಕ್ಕ ಹಾಕುತ್ತೇವೆ. ಈ ವಿಧಾನ ಮೆಗ್ನೀಷಿಯಂ ಎಷ್ಟಿದೆ ಎಂದು ನಿಖರವಾಗಿ ಹೇಳುತ್ತದೆ. ಅದು ಯಾವುದರಿಂದ ಬಂತು ಎಂದು ಹೇಳಲಾರದು, ಏಕೆಂದರೆ ಆಮ್ಲದಲ್ಲಿ ಕರಗಿದ ಮೇಲೆ ಆಕ್ಸೈಡಿನ ಮೆಗ್ನೀಷಿಯಂ, ಗ್ಲೈಸಿನೇಟಿನ ಮೆಗ್ನೀಷಿಯಂ ಎರಡೂ ಒಂದೇ. ಹಾಗಾಗಿ "ಮೆಗ್ನೀಷಿಯಂ 20%, ಪರೀಕ್ಷೆಯಲ್ಲಿ ಉತ್ತೀರ್ಣ" ಎಂಬ ಪ್ರಮಾಣಪತ್ರ ತೋರಿಸಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಂತಲ್ಲ. ನೈಟ್ರೋಜನ್ ಅಳೆದರೆ ಗ್ಲೈಸಿನ್ ಎಷ್ಟಿದೆ ಎಂದು ತಿಳಿಯುತ್ತದೆ, ಆದರೆ ಗ್ಲೈಸಿನ್ ಪುಡಿಯನ್ನೂ ಆಕ್ಸೈಡನ್ನೂ ಬರಿದೇ ಕಲಸಿಟ್ಟರೂ ಆ ಲೆಕ್ಕ ಹೊಂದಿಬಿಡಬಹುದು. ಗ್ಲೈಸಿನ್, ಮೆಗ್ನೀಷಿಯಂ ಎರಡೂ ನಿಜವಾಗಿ ಬೆಸೆದುಕೊಂಡಿವೆಯೇ ಎಂದು ನೋಡಲು ಇನ್‌ಫ್ರಾರೆಡ್ ಪರೀಕ್ಷೆ ಬೇಕು.

ಲಕ್ಷ್ಮೀಶ, ಶಿರಸಿ

ಹೊಟ್ಟೆಯ ಆಮ್ಲಕ್ಕೆ ಸಿಕ್ಕಮೇಲೆ ಆ ಬೆಸುಗೆ ಉಳಿಯುತ್ತದೆಯೇ ಎಂಬ ಪ್ರಶ್ನೆಯೂ ಇದೆಯಲ್ಲ? ಕಳಚಿಕೊಂಡರೆ, ಕಲಸಿಟ್ಟದ್ದಕ್ಕೂ ಬೆಸೆದದ್ದಕ್ಕೂ ಕರುಳಿನಲ್ಲಿ ಏನು ವ್ಯತ್ಯಾಸ?

ಶ್ರೀನಿವಾಸ, ತುಮಕೂರು

ನಮ್ಮ ವಿಭಾಗದಲ್ಲಿಯೇ ಇದರ ಬಗ್ಗೆ ಇಬ್ಬರು ಎರಡು ಮಾತು ಹೇಳುತ್ತಿದ್ದರು. ಬೆಸೆದದ್ದು ಸ್ವಲ್ಪ ಭಾಗ ಹಾಗೆಯೇ ದಾಟುತ್ತದೆ ಎಂದು ತಯಾರಕರು ವಾದಿಸುತ್ತಾರೆ. ಆಮ್ಲದಲ್ಲಿ ಬಹುಪಾಲು ಕಳಚುತ್ತದೆ ಎಂಬುದು ನನ್ನ ಅನಿಸಿಕೆ. ನನ್ನ ಆಕ್ಷೇಪ ಹೀರಿಕೆಯ ಬಗ್ಗೆ ಅಲ್ಲ, ಬರೆದದ್ದೂ ಒಳಗಿರುವುದೂ ಒಂದೇ ಆಗಿರಬೇಕು ಎಂಬುದರ ಬಗ್ಗೆ.

ಅನಿತಾ, ಡಬ್ಲಿನ್

ವಸುಧಾ ಅವರೇ, ರೂಪದ ಚರ್ಚೆಯ ನಡುವೆ ಒಂದು ವಿಷಯ ಕಳೆದುಹೋಗಬಾರದು. ವಯಸ್ಸಾದವರ ರಾತ್ರಿಯ ಸೆಳೆತಕ್ಕೆ ಮೆಗ್ನೀಷಿಯಂನಿಂದ ಹೇಳಿಕೊಳ್ಳುವಂಥ ಪ್ರಯೋಜನ ಸಿಗುವ ಸಂಭವ ಕಡಿಮೆ ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2020ರ ಕಾಕ್ರೇನ್ ಪರಾಮರ್ಶೆ ಹೇಳಿದೆ. ವೈದ್ಯರು ಕೆಲವು ವಾರ ಎಂದು ಮಿತಿ ಹಾಕಿರುವುದು ಒಳ್ಳೆಯದೇ ಆಯಿತು. ಅಮೆರಿಕದಲ್ಲಿ ಪೂರಕಗಳಿಂದ ದಿನಕ್ಕೆ 350 ಮಿ.ಗ್ರಾಂ ಎಲಿಮೆಂಟಲ್ ಮೆಗ್ನೀಷಿಯಂ ಅನ್ನು ಮೇಲ್ಮಿತಿಯೆಂದು ಇಟ್ಟಿದ್ದಾರೆ, ಯುರೋಪಿನಲ್ಲಿ 250. ಮೂರು ಡಬ್ಬಿಗಳಿಂದ ಒಂದೊಂದು ಕೊಟ್ಟುಬಿಟ್ಟರೆ ಅದನ್ನು ದಾಟುವುದು ಬಹಳ ಸುಲಭ, ಮೊದಲು ತಿಳಿಯುವುದು ಭೇದಿಯಿಂದ. ಮೂತ್ರಪಿಂಡ ದುರ್ಬಲವಿದ್ದವರಲ್ಲಿ ಮಾತ್ರ ಇದು ಭೇದಿಗೆ ನಿಲ್ಲದೆ ರಕ್ತದಲ್ಲಿ ಶೇಖರವಾಗುತ್ತದೆ.

ವಸುಧಾ, ಮೈಸೂರು

ಎಲ್ಲರಿಗೂ ಧನ್ಯವಾದ. ಸದ್ಯಕ್ಕೆ ಅಮ್ಮನಿಗೆ ಸಿಟ್ರೇಟ್ ಮಾತ್ರ ಕೊಡುತ್ತಿದ್ದೇವೆ, ಬೆಳಿಗ್ಗೆ ಊಟದ ಜೊತೆ ಒಂದು, ರಾತ್ರಿ ಒಂದು. ಹೊಟ್ಟೆ ಸರಿಯಾಗಿದೆ, ಸೆಳೆತ ಕಡಿಮೆಯಾಗಿದೆಯೇ ಎಂದು ಹೇಳಲು ಬರುತ್ತಿಲ್ಲ. ಆಕ್ಸೈಡ್ ಪಟ್ಟಿಯನ್ನು ಎತ್ತಿಟ್ಟಿದ್ದೇನೆ.

ಲೋಟದ ಪರೀಕ್ಷೆ ಮಾಡಿದೆವು. ಪುಡಿಯ ಹೆಚ್ಚಿನ ಭಾಗ ಕರಗಿತು, ತಳದಲ್ಲಿ ತೆಳ್ಳಗೆ ಬಿಳಿ ಪದರ ಉಳಿಯಿತು, ನಿಂಬೆರಸ ಹಾಕಿ ಬಿಟ್ಟ ಮೇಲೆ ಅದು ಗುಳ್ಳೆಯಿಲ್ಲದೆ ಮಾಯವಾಯಿತು. ಕಂಪನಿಗೂ ಮಿಂಚಂಚೆ ಬರೆದಿದ್ದೆ. "ನಮ್ಮದು ಉತ್ಕೃಷ್ಟ ಬಫರ್ಡ್ ಗ್ಲೈಸಿನೇಟ್, ಎಲ್ಲ ನಿಯಮಗಳಿಗೂ ಅನುಗುಣವಾಗಿದೆ" ಎಂದು ಉತ್ತರ ಬಂದಿದೆ, ಜೊತೆಗೆ 20% ಎಂಬ ಪ್ರಮಾಣಪತ್ರವನ್ನೂ ಕಳುಹಿಸಿದ್ದಾರೆ. ಆಕ್ಸೈಡ್ ಎಷ್ಟು ಎಂದು ಹೇಳಿಲ್ಲ.

ಶ್ರೀನಿವಾಸ, ತುಮಕೂರು

"ಬಫರ್ಡ್" ಎಂಬ ಒಂದು ಪದವನ್ನು ಬರಹದಲ್ಲಿ ಕೊಟ್ಟಿದ್ದಾರೆ, ಅದು ಡಬ್ಬಿಯ ಮೇಲೆ ಇಲ್ಲ. ಮತ್ತೊಮ್ಮೆ ಬರೆಯಿರಿ, ಈ ಸಲ ಹೀರಿಕೆ, ಉತ್ಕೃಷ್ಟತೆ ಯಾವುದನ್ನೂ ಕೇಳಬೇಡಿ. ಎರಡೇ ಪ್ರಶ್ನೆ ಸಾಕು: ಕಚ್ಚಾ ಪುಡಿ ಕೊಟ್ಟವರ ವಿವರಪತ್ರದಲ್ಲಿ ಮೆಗ್ನೀಷಿಯಂ ಆಕ್ಸೈಡಿನ ಪ್ರಮಾಣ ಶೇಕಡಾ ಎಷ್ಟು ಎಂದಿದೆ, ಮತ್ತು ಆ ಹೆಸರನ್ನು ಘಟಕಾಂಶಗಳ ಸಾಲಿನಲ್ಲಿ ಏಕೆ ಮುದ್ರಿಸಿಲ್ಲ. ಉತ್ತರ ಬಂದರೆ ಇಲ್ಲಿ ಹಾಕಿ, ನನಗೂ ಕುತೂಹಲವಿದೆ.